‘ನಾಟಕದ ಹಾಡೇ ಚಿತ್ರಗೀತೆಯಾಯಿತು’: ಒಂದು ಹೇಳಿಕೆಯ ಸುತ್ತ ಪೂರ್ವಾಧ್ಯಯನ ಸಮೀಕ್ಷೆ

ಕನ್ನಡ ಚಿತ್ರಗೀತೆಗಳ ಚರಿತ್ರೆಯನ್ನು ಕುರಿತ ಮಹಾಪ್ರಬಂಧಕ್ಕೆ ಪೂರ್ವಾಧ್ಯಯನಗಳ ಸಮೀಕ್ಷೆ ಬರೆಯುವಾಗ ನಾನು ಪುಸ್ತಕಗಳನ್ನು ಪ್ರಕಟಣೆಯ ವರ್ಷಕ್ಕನುಗುಣವಾಗಿ ಒಂದೊಂದಾಗಿ ಪರಿಚಯಿಸುತ್ತ ಹೋಗಿದ್ದೆ. ಧಾರವಾಡದಲ್ಲಿ ನನ್ನ ಮಾರ್ಗದರ್ಶಕರು ಅದನ್ನು ಓದಿ, “ಯಾರು ಏನು ಬರೆದಾರ ಅನ್ನೋದು ತಿಳೀತು, ಯಾವ ಆಧಾರದ ಮ್ಯಾಲೆ ಬರೆದಾರ ಅನ್ನೋದು ತಿಳೀಲಿಲ್ಲ” ಎಂದರು. ಅಂದಿನಿಂದ ನಾನು ಪುಸ್ತಕವನ್ನು ಬಿಟ್ಟು ಹೇಳಿಕೆಯನ್ನು ಹಿಡಿದು ಸಮೀಕ್ಷೆ ಬರೆಯುತ್ತಿದ್ದೇನೆ.

ಕಂಪನಿ ನಾಟಕದ ಹಾಡೇ ಚಿತ್ರಗೀತೆಯಾಯಿತು ಎಂಬ ಮಾತು ಬಹಳ ಕಡೆ ಸಿಗುತ್ತದೆ. ಬಿಡಿಸಿ ನೋಡಿದರೆ ಅದರಲ್ಲಿ ಮೂರು ಹೇಳಿಕೆಗಳಿವೆ: ಹಾಡಿದವರು ರಂಗಭೂಮಿಯಿಂದ ಬಂದರು, ಧಾಟಿಗಳು ಅಲ್ಲಿಂದ ಬಂದವು, ಕೇಳುಗರೂ ಅಲ್ಲಿಂದಲೇ ಬಂದರು. ಮೊದಲನೆಯದಕ್ಕೆ ಆಧಾರ ಗಟ್ಟಿಯಾಗಿದೆ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ಇಬ್ಬರೂ ವೃತ್ತಿರಂಗಭೂಮಿಯ ನಟರು. ಆದರೆ ನಟರು ಬಂದರೆಂಬ ಸಾಕ್ಷ್ಯವನ್ನೇ ಧಾಟಿಗಳು ಬಂದವೆಂಬುದಕ್ಕೂ ಬಳಸಿಕೊಂಡಿರುವ ಬರಹಗಳಿವೆ. ಸಮೀಕ್ಷೆ ಗುರುತಿಸಬೇಕಾದುದು ಈ ಜಿಗಿತವನ್ನು.

ಧಾಟಿಯ ವಿಷಯ ಹೆಚ್ಚು ತೊಡಕಿನದು. ಹಳೆಯ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದ್ಯದ ತಲೆಯ ಮೇಲೆ ರಾಗ, ತಾಳ ಅಥವಾ ಇಂಥ ಹಾಡಿನ ‘ಮಟ್ಟು’ ಎಂಬ ಸೂಚನೆ ಇರುವುದುಂಟು. ಅಂಥದೇ ಸೂಚನೆ ಸಿನಿಮಾ ಪದ್ಯಾವಳಿಯಲ್ಲೂ ಸಿಕ್ಕರೆ ಹೋಲಿಸಬಹುದು. ಬರೀ ಸಾಹಿತ್ಯ ಸಿಕ್ಕರೆ, ಗ್ರಾಮಫೋನ್ ತಟ್ಟೆ ದೊರೆಯುವವರೆಗೆ ಧಾಟಿಯ ಬಗ್ಗೆ ಏನನ್ನೂ ಖಚಿತವಾಗಿ ಹೇಳಲಾಗದು. ಜೊತೆಗೆ ಕಂಪನಿ ನಾಟಕ ಎಂಬುದೂ ಒಂದೇ ಬಗೆಯದಲ್ಲ. ಗದಗಿನ ಗರುಡ ಸದಾಶಿವರಾಯರಂಥವರು ದುಡಿದ ನಮ್ಮ ಭಾಗದ ರಂಗಭೂಮಿಗೆ ಮರಾಠಿ ಸಂಗೀತ ನಾಟಕದ, ಹಿಂದೂಸ್ತಾನಿ ಗಾಯನದ ಒಡನಾಟವಿತ್ತು. ಮೈಸೂರು ಸೀಮೆಯ ಕಂಪನಿಗಳ ಹಿನ್ನೆಲೆ ಬೇರೆಯದು. ಆದ್ದರಿಂದ ಯಾವ ಲೇಖಕರು ಯಾವ ಸೀಮೆಯ ಕಂಪನಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆಂಬುದನ್ನು ಟಿಪ್ಪಣಿಯಲ್ಲಿ ನಮೂದಿಸಲೇಬೇಕು.

ಕೇಳುಗರ ಕುರಿತು ನೆರವಾಗುವುದು ತಮಿಳಿನ ಅಧ್ಯಯನ. ನಾಟಕದ ಹಾಡುಗಳು ಗ್ರಾಮಫೋನ್ ಮೂಲಕ ಹರಡಿ ತಮಿಳು ಸಿನಿಮಾ ಸಂಗೀತಕ್ಕೆ ನೆಲ ಹದಮಾಡಿದ್ದನ್ನು ಸ್ಟೀಫನ್ ಹ್ಯೂಸ್ 2007ರ ಲೇಖನದಲ್ಲಿ ಚರ್ಚಿಸಿದ್ದಾರೆ. ಅದನ್ನು ಕನ್ನಡಕ್ಕೆ ನಿರ್ಣಯವಾಗಿ ತರಬಾರದು, ಪ್ರಶ್ನೆಯಾಗಿ ತರಬೇಕು: ಹುಬ್ಬಳ್ಳಿಯ ಕೇಳುಗರಿಗೆ ಸಿನಿಮಾಕ್ಕಿಂತ ಮೊದಲು ತಲುಪಿದ ತಟ್ಟೆಗಳು ಕನ್ನಡದವೋ, ಮರಾಠಿಯವೋ?

ಒಂದು ಎಚ್ಚರಿಕೆ. ಮೂರು ಪುಸ್ತಕಗಳು ಒಂದೇ ಮಾತನ್ನು ಹೇಳಿದರೆ ಅಡಿಟಿಪ್ಪಣಿಗಳನ್ನು ಹಿಂಬಾಲಿಸಿ ನೋಡಬೇಕು. ಮೂರೂ ಒಬ್ಬರೇ ಕಲಾವಿದರ ನೆನಪಿಗೆ ಹೋಗಿ ನಿಂತರೆ ಅದು ಒಂದೇ ಸಾಕ್ಷ್ಯ. ಪದ್ಯಾವಳಿ, ತಟ್ಟೆ, ಜಾಹೀರಾತುಗಳು ಮೂಲ ಆಕರಗಳಾದ್ದರಿಂದ ಅವುಗಳ ವಿಶ್ಲೇಷಣೆ ಮುಂದಿನ ಅಧ್ಯಾಯಕ್ಕೆ ಸೇರಬೇಕು. ಹೀಗೆ ತಿದ್ದಿದ ಮೇಲೆ ನನ್ನ ಸಮೀಕ್ಷೆಯ ಆ ಭಾಗ ಈ ವಾಕ್ಯಕ್ಕೆ ಬಂದು ನಿಂತಿತು: “ಕಲಾವಿದರ ವಲಸೆಗೆ ಆಧಾರಗಳಿವೆ, ಧಾಟಿಗಳ ವಲಸೆಯನ್ನು ಸೀಮೆವಾರು ಪರೀಕ್ಷಿಸಬೇಕಾಗಿದೆ.”