ಒಲಿಂಪಿಕ್ಸ್‌ಗೆ ಟಿಕೆಟ್ ಸಿಗೋದು ಹೇಗೆ: ಒಂದೊಂದು ಆಟಕ್ಕೆ ಒಂದೊಂದು ಬಾಗಿಲು

ಬೆಂಗಳೂರಿನ ಶ್ರೀಹರಿ ನಟರಾಜ್ ಟೋಕಿಯೊದಲ್ಲೂ ಈಜಿದರು, ಪ್ಯಾರಿಸ್‌ನಲ್ಲೂ ಈಜಿದರು. ಎರಡು ಸಲವೂ 100 ಮೀಟರ್ ಬ್ಯಾಕ್‌ಸ್ಟ್ರೋಕ್. ಆದರೆ ಒಳಗೆ ಹೋದ ಬಾಗಿಲು ಮಾತ್ರ ಬೇರೆ ಬೇರೆ. ಅರ್ಹತೆಯ ಲೆಕ್ಕ ನನಗೆ ಸರಿಯಾಗಿ ಅರ್ಥವಾಗಿದ್ದು ಇವರ ಕಥೆಯಿಂದಲೇ. ಅದಕ್ಕೇ ಈ ಟಿಪ್ಪಣಿಯೂ ಅಲ್ಲಿಂದಲೇ ಶುರು.

ಈಜಿನಲ್ಲಿ ಎರಡು ಸಮಯಗಳನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಅವನ್ನು 'ಎ' ಮತ್ತು 'ಬಿ' ಮಾನದಂಡ ಅಂತ ಬರೆಯುತ್ತಾರೆ. 'ಎ' ಮುಟ್ಟಿದರೆ ಟಿಕೆಟ್ ನೇರ. ಒಂದು ದೇಶದಿಂದ ಒಂದು ಸ್ಪರ್ಧೆಗೆ ಇಬ್ಬರು ಮಾತ್ರ ಅನ್ನುವ ಮಿತಿ ಇದೆ, ಅಷ್ಟೇ. 'ಬಿ' ಮುಟ್ಟಿದವರು ಕಾಯುವ ಸಾಲಿನಲ್ಲಿ ನಿಂತಂತೆ. ಜಾಗ ಉಳಿದರೆ ಕರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ.

ಟೋಕಿಯೊಗೆ ಪುರುಷರ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ 'ಎ' ಸಮಯ 53.85 ಸೆಕೆಂಡ್. 2021ರ ಜೂನ್ ಕೊನೆಗೆ, ಗಡುವು ಮುಗಿಯುವ ಹೊತ್ತಿನಲ್ಲಿ, ಶ್ರೀಹರಿ ರೋಮ್‌ನ ಸೆಟ್ಟೆ ಕೊಲ್ಲಿ ಕೂಟದಲ್ಲಿ 53.77ರಲ್ಲಿ ಮುಗಿಸಿದರು. ಆದರೆ ಅದು ಪದಕದ ಸ್ಪರ್ಧೆ ಆಗಿರಲಿಲ್ಲ, ಟೈಮ್ ಟ್ರಯಲ್ ಆಗಿತ್ತು. ಅಂದರೆ ಸಮಯ ನೋಡಲೆಂದೇ ಈಜುವುದು. ಹಾಗಾಗಿ ಅಂತರರಾಷ್ಟ್ರೀಯ ಈಜು ಸಂಸ್ಥೆ ಒಪ್ಪುವ ತನಕ ಕಾಯಬೇಕಾಯಿತು. ಒಪ್ಪಿಗೆ ಸಿಕ್ಕಿತು, ಟಿಕೆಟ್ ಖಚಿತವಾಯಿತು.

ಪ್ಯಾರಿಸ್‌ಗೆ ಅದೇ ಸ್ಪರ್ಧೆಯ 'ಎ' ಸಮಯ 53.74 ಆಯಿತು. ಗಮನಿಸಿದ್ರಾ? ಟೋಕಿಯೊಗೆ ಆರಾಮಾಗಿ ಸಾಕಾಗಿದ್ದ 53.77 ಈಗ 0.03 ಸೆಕೆಂಡ್ ನಿಧಾನ ಆಗುತ್ತದೆ. 'ಬಿ' ಇನ್ನೂ ಜಾಸ್ತಿ ಬಿಗಿಯಾಯಿತು. ಟೋಕಿಯೊ ಹೊತ್ತಿಗೆ ಅದು 'ಎ'ಗಿಂತ 3% ಸಡಿಲ ಇತ್ತು, ಅಂದರೆ 55.47. ಪ್ಯಾರಿಸ್‌ಗೆ ಬರೀ 0.5% ಸಡಿಲ, ಅಂದರೆ 54.01. ಪರೀಕ್ಷೆಯಲ್ಲಿ ಹಳೇ ಸಂಖ್ಯೆ ಬರೆದರೆ ಅಂಕ ಹೋಯಿತು ಅಂತಲೇ ಲೆಕ್ಕ. ಪ್ರತಿ ಒಲಿಂಪಿಕ್ಸ್‌ಗೂ ಇದು ಬದಲಾಗುತ್ತದೆ.

ಈ ಸಲ ಶ್ರೀಹರಿ ಹೋಗಿದ್ದು 'ಯೂನಿವರ್ಸಾಲಿಟಿ' ಅನ್ನುವ ಬಾಗಿಲಿಂದ. 'ಎ' ಮುಟ್ಟಿದ ಈಜುಗಾರರು ಇಲ್ಲದ ದೇಶಕ್ಕೆ ಒಬ್ಬ ಗಂಡು, ಒಬ್ಬ ಹೆಣ್ಣು ಕಳಿಸಲು ಕೊಡುವ ಅವಕಾಶ ಇದು. ಸುಮ್ನೆ ಯಾರನ್ನೋ ಕಳಿಸುವ ಹಾಗಿಲ್ಲ. ಆ ಅವಧಿಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಈಜಿರಬೇಕು. ಶ್ರೀಹರಿಯ ಜೊತೆ ಇದೇ ದಾರಿಯಲ್ಲಿ ಹೋದವಳು 14 ವರ್ಷದ ಧಿನಿಧಿ ದೇಸಿಂಗು, ಅವಳೂ ಬೆಂಗಳೂರಿನವಳೇ.

ಈಜಿನಲ್ಲಿ ಗಡಿಯಾರಕ್ಕೆ ಇಷ್ಟು ಬೆಲೆ ಯಾಕೆ? ಅರ್ಹತೆಗೆ ಈಜುವ ಕೊಳ ಎಲ್ಲೇ ಇರಲಿ, ಉದ್ದ 50 ಮೀಟರ್. ಗಾಳಿಯ ಕಾಟ ಇಲ್ಲ. ಗೋಡೆ ಮುಟ್ಟಿದ ಕ್ಷಣವನ್ನು ಯಂತ್ರವೇ ಹಿಡಿಯುತ್ತದೆ. ರೋಮ್‌ನ 53.77ನ್ನೂ ಬೆಂಗಳೂರಿನ 53.77ನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ಓಟದ ಟ್ರ್ಯಾಕ್‌ನಲ್ಲಿ ಹಾಗಲ್ಲ. ಜ್ಯೋತಿ ಯರ್‍ರಾಜಿ 2022ರಲ್ಲಿ ಕೋಯಿಕ್ಕೋಡ್‌ನಲ್ಲಿ 100 ಮೀಟರ್ ಹರ್ಡಲ್ಸ್ ಅನ್ನು 13.09 ಸೆಕೆಂಡ್‌ನಲ್ಲಿ ಓಡಿದ್ದರು. ದಾಖಲೆ ಅಂತ ಅದನ್ನು ಒಪ್ಪಲಿಲ್ಲ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.1 ಮೀಟರ್ ಇತ್ತು, ನಿಯಮ ಬಿಡುವುದು 2.0 ತನಕ.

ಅಥ್ಲೆಟಿಕ್ಸ್‌ನಲ್ಲಿ ಎರಡು ಬಾಗಿಲು. ಪ್ಯಾರಿಸ್‌ಗೆ ಸರಿಸುಮಾರು ಅರ್ಧ ಜನ ಮಾನದಂಡ ಮುಟ್ಟಿ ಬರಲಿ, ಉಳಿದರ್ಧ ವಿಶ್ವ ರ‍್ಯಾಂಕಿಂಗ್‌ನಿಂದ ಬರಲಿ ಅನ್ನುವುದು ಗುರಿಯಾಗಿತ್ತು. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನ ಮಾನದಂಡ 12.77. ಜ್ಯೋತಿ 2023ರಲ್ಲಿ ಚೆಂಗ್ಡುವಿನಲ್ಲಿ 12.78 ಓಡಿದರು. 2024ರ ಮೇನಲ್ಲಿ ಫಿನ್‌ಲೆಂಡ್‌ನಲ್ಲಿ ಮತ್ತೆ ಅದೇ 12.78! ಎರಡು ಸಲವೂ 0.01ರಲ್ಲಿ ತಪ್ಪಿತು. ಓದುವಾಗಲೇ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆದರೂ ಅವರು ಪ್ಯಾರಿಸ್‌ಗೆ ಹೋದರು, ರ‍್ಯಾಂಕಿಂಗ್ ಮೂಲಕ. ಈ ಸ್ಪರ್ಧೆಗೆ ಜಾಗ 40. ಮಾನದಂಡ ಮುಟ್ಟಿದವರನ್ನು ಮೊದಲು ಕೂರಿಸಿ, ಉಳಿದ ಜಾಗಕ್ಕೆ ರ‍್ಯಾಂಕಿಂಗ್ ಪಟ್ಟಿಯಿಂದ ಇಳಿದು ಬರುತ್ತಾರೆ. ಒಂದು ದೇಶಕ್ಕೆ ಮೂರೇ ಜನ ಇರುವುದರಿಂದ ಅಮೆರಿಕದ ನಾಲ್ಕನೆಯವರು, ಐದನೆಯವರು ಪಟ್ಟಿಯಲ್ಲಿ ಮೇಲಿದ್ದರೂ ಅವರನ್ನು ದಾಟಿ ಮುಂದಿನವರನ್ನು ಎಣಿಸುತ್ತಾರೆ. ರ‍್ಯಾಂಕಿಂಗ್‌ನಲ್ಲಿ ಒಂದು ಓಟವಲ್ಲ, ಹಲವು ಓಟಗಳ ಸರಾಸರಿ ಹಿಡಿಯುತ್ತಾರೆ. ಸಮಯಕ್ಕೆ ಒಂದು ಅಂಕ, ಪಡೆದ ಸ್ಥಾನಕ್ಕೆ ಇನ್ನೊಂದು. ಕೂಟ ದೊಡ್ಡದಾದಷ್ಟೂ ಸ್ಥಾನದ ಅಂಕ ಜಾಸ್ತಿ. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಜ್ಯೋತಿ ಚಿನ್ನ ಗೆದ್ದಾಗ ಸಮಯ 13.09 ಅಷ್ಟೇ, ಮಾನದಂಡದ ಹತ್ತಿರಕ್ಕೂ ಇಲ್ಲ. ಆದರೆ ಖಂಡದ ಕೂಟದಲ್ಲಿ ಮೊದಲ ಸ್ಥಾನಕ್ಕೆ ತೂಕ ಬೇರೆ. ನನ್ನ ಹಳೇ ನೋಟ್ಸ್‌ನಲ್ಲಿ 'ಮಾನದಂಡ ಮುಟ್ಟದಿದ್ದರೆ ಔಟ್' ಅಂತ ಎಲ್ಲ ಆಟಕ್ಕೂ ಸೇರಿಸಿ ಒಂದೇ ಸಾಲು ಬರೆದುಕೊಂಡಿದ್ದೆ. ಅದನ್ನು ಹೊಡೆದುಹಾಕಿದ್ದು ಈ 12.78 ನೋಡಿದ ಮೇಲೆ.

ಬ್ಯಾಡ್ಮಿಂಟನ್‌ನಲ್ಲಿ ಅಳೆಯಲು ಗಡಿಯಾರವೂ ಇಲ್ಲ, ಟೇಪೂ ಇಲ್ಲ. ಹಾಗಾಗಿ ಒಂದು ವರ್ಷದ ರ‍್ಯಾಂಕಿಂಗೇ ಮುಖ್ಯ. ಇಲ್ಲಿ ಕಾಡುವುದು ದೇಶದ ಮಿತಿ. ಡಬಲ್ಸ್‌ನಲ್ಲಿ ಒಂದೇ ದೇಶದ ಎರಡು ಜೋಡಿ ಹೋಗಬೇಕಾದರೆ ಎರಡೂ ಮೊದಲ 8ರೊಳಗೆ ಇರಬೇಕು. ಹೀಗಾಗಿ ಪ್ಯಾರಿಸ್‌ಗೆ ಅಶ್ವಿನಿ ಪೊನ್ನಪ್ಪ ಮತ್ತು ತನಿಷಾ ಕ್ರಾಸ್ಟೊ ಹೋದರು, ತ್ರೀಸಾ ಜಾಲಿ ಮತ್ತು ಗಾಯತ್ರಿ ಗೋಪಿಚಂದ್ ಉಳಿದರು. ಇವರ ನಿಜವಾದ ಪೈಪೋಟಿ ಹೊರಗಿನವರ ಜೊತೆ ಅಲ್ಲ, ಮನೆಯವರ ಜೊತೆಗೇ.

ಹಾಕಿಗೆ ಬಂದರೆ ಸರಾಸರಿಗೆ ಬೆಲೆ ಕಡಿಮೆ. ಪ್ಯಾರಿಸ್‌ಗೆ ಜಾಗ 12 ತಂಡಗಳಿಗೆ. ಆತಿಥೇಯರಿಗೆ ಒಂದು, ಐದು ಖಂಡಗಳ ಚಾಂಪಿಯನ್ನರಿಗೆ ಐದು, ಉಳಿದ ಆರು ಅರ್ಹತಾ ಟೂರ್ನಿಗಳಿಂದ. ಏಷ್ಯಾದ ಮಟ್ಟಿಗೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಚಿನ್ನವೇ ಟಿಕೆಟ್. 2023ರ ಅಕ್ಟೋಬರ್‌ನಲ್ಲಿ ನಮ್ಮ ಪುರುಷರು ಫೈನಲ್‌ನಲ್ಲಿ ಜಪಾನನ್ನು 5–1ರಿಂದ ಸೋಲಿಸಿದರು, ಕೆಲಸ ಅಲ್ಲಿಗೇ ಮುಗಿಯಿತು.

ಮಹಿಳೆಯರಿಗೆ ಅಲ್ಲಿ ಕಂಚು ಬಂತು. ಪದಕ ಬಂತು, ಟಿಕೆಟ್ ಬರಲಿಲ್ಲ. 2024ರ ಜನವರಿಯಲ್ಲಿ ರಾಂಚಿಯ ಅರ್ಹತಾ ಟೂರ್ನಿ ಆಡಬೇಕಾಯಿತು. 8 ತಂಡಗಳಲ್ಲಿ ಮೊದಲ ಮೂರಕ್ಕೆ ಅವಕಾಶ. ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು 2–2 ಸಮ, ಶೂಟೌಟ್‌ನಲ್ಲಿ ಸೋಲು. ಇನ್ನೂ ಒಂದು ಅವಕಾಶ ಇತ್ತು, ಮೂರನೇ ಸ್ಥಾನದ ಪಂದ್ಯ. ಅಲ್ಲಿ ಜಪಾನ್ 1–0ಯಿಂದ ಗೆದ್ದಿತು. ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ ಹತ್ತರೊಳಗಿದ್ದ ತಂಡ ಮನೆಯಲ್ಲಿ ಕೂತು ಪ್ಯಾರಿಸ್ ನೋಡಬೇಕಾಯಿತು. ರ‍್ಯಾಂಕಿಂಗ್ ಯಾಕೆ ಕೈ ಹಿಡಿಯಲಿಲ್ಲ ಅಂತ ಕೇಳಬೇಡಿ, ಆ ಹೊತ್ತಿಗೆ ಅದರ ಬಾಗಿಲು ತೆರೆದೇ ಇರಲಿಲ್ಲ.

ಕೊನೆಗೆ, ಹೆಚ್ಚಿನವರು ಎಡವುವ ಒಂದು ವಿಷಯ. ಟಿಕೆಟ್ ಯಾರ ಹೆಸರಿನಲ್ಲಿರುತ್ತದೆ? ಜ್ಯೋತಿಯ ಜಾಗ ಜ್ಯೋತಿಯದೇ, ಬೇರೆ ಓಟಗಾರ್ತಿಗೆ ಕೊಡಲು ಬರುವುದಿಲ್ಲ. ಶೂಟಿಂಗ್‌ನಲ್ಲಿ ಹೀಗೆ ಗೆದ್ದ ಜಾಗಕ್ಕೆ ಕೋಟಾ ಅನ್ನುತ್ತಾರೆ, ಅದು ದೇಶದ್ದು. 2022ರಲ್ಲಿ ಕೈರೋದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ರುದ್ರಾಂಕ್ಷ್ ಪಾಟೀಲ್ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದು ಕೋಟಾ ತಂದರು. ಆಮೇಲೆ ದೇಶದೊಳಗೆ ಆಯ್ಕೆ ಟ್ರಯಲ್ಸ್ ನಡೆಯಿತು. ಪ್ಯಾರಿಸ್‌ನಲ್ಲಿ ಆ ಸ್ಪರ್ಧೆಗೆ ಭಾರತದಿಂದ ನಿಂತವರು ಸಂದೀಪ್ ಸಿಂಗ್ ಮತ್ತು ಅರ್ಜುನ್ ಬಬುತಾ. ಪಟ್ಟಿಯಲ್ಲಿ ರುದ್ರಾಂಕ್ಷ್ ಹೆಸರು ಇರಲಿಲ್ಲ.