ರಜೆಲಿ ಸ್ಕೂಲಲ್ಲಿ ಶಾರ್ಟ್ ಫಿಲಂ ಶೂಟ್ ಮಾಡೋಕೆ ಪ್ರಿನ್ಸಿಪಾಲ್‌ಗೆ ಲೆಟರ್ ಹೇಗೆ ಬರೀಬೇಕು?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರ್ದಿದೀನೋ ಲೆಕ್ಕ ಇಲ್ಲ, ಪ್ರತಿ ಸಲ ಅದರ ಬಾಲಕ್ಕೆ ಒಂದೇ ಮಾತು ಅಂಟ್ಕೊಂಡು ಬರುತ್ತೆ: "ರಜೆ ಅಲ್ವಾ ಸರ್, ಸ್ಕೂಲ್ ಖಾಲಿ ಇರುತ್ತೆ, ಯಾರಿಗೂ ತೊಂದ್ರೆ ಇಲ್ಲ, ಆದ್ರೂ ಯಾಕೆ ಒಪ್ಪಲ್ಲ?"

ಮೊದ್ಲು ಈ ಮಾತನ್ನ ತಲೆಯಿಂದ ತೆಗೀರಿ. ಖಾಲಿ ಸ್ಕೂಲ್ ಅಂದ್ರೆ ನಮಗೆ ಆರಾಮ, ಪ್ರಿನ್ಸಿಪಾಲ್‌ಗೆ ತಲೆನೋವು. ಕ್ಲಾಸ್ ನಡೀತಿರೋ ದಿನ ಅಟೆಂಡರ್ ಇರ್ತಾರೆ, ಆಫೀಸಲ್ಲಿ ಜನ ಇರ್ತಾರೆ, ಏನಾದ್ರೂ ಆದ್ರೆ ನೋಡೋಕೆ ನಾಲ್ಕು ಕಣ್ಣು ಇರುತ್ತೆ. ರಜೆಲಿ ಇರೋದು ವಾಚ್‌ಮನ್ ಒಬ್ರೇ. ರೂಮ್ ಕೀ ಆಫೀಸ್ ಬೀರುವಲ್ಲಿ, ಬೀರು ಕೀ ಕ್ಲರ್ಕ್ ಹತ್ರ, ಕ್ಲರ್ಕ್ ರಜೆಲಿ. ನಮ್ಮ ಮೊದಲನೇ ಶೂಟಲ್ಲಿ ಇದೇ ಆಯ್ತು. ಪ್ರಿನ್ಸಿಪಾಲ್ ಫೋನಲ್ಲಿ "ಆಯ್ತು ಮಾಡ್ಕೊಳಿ" ಅಂದಿದ್ರು, ನಾವು ಬೆಳಿಗ್ಗೆ 7ಕ್ಕೆ ಗೇಟ್ ಹತ್ರ ನಿಂತ್ರೆ ವಾಚ್‌ಮನ್‌ಗೆ ವಿಷಯವೇ ಗೊತ್ತಿಲ್ಲ, ಅವರು ಬಿಡದೇ ಇದ್ದಿದ್ದು ಸರಿನೇ. ಒಳಗೆ ಹೋಗೋ ಹೊತ್ತಿಗೆ 11 ದಾಟಿತ್ತು, ಕಿಟಕಿಯಿಂದ ಬೀಳೋ ಬೆಳಗಿನ ಬಿಸಿಲಿಗೆ ಅಂತ ಬರ್ದಿದ್ದ ಸೀನ್ ಹೋಯ್ತು. ಆಮೇಲೆ ಸಾವಿರ ವ್ಯಾಟಿನ ಎರಡು ಲೈಟನ್ನ ಒಂದೇ 6 ಆಂಪ್ ಪಾಯಿಂಟಿಗೆ ಹಾಕಿದ್ವಿ, ಎಂಸಿಬಿ ಬಿತ್ತು, ಆ ಬೋರ್ಡ್ ಇದ್ದಿದ್ದು ಬೀಗ ಹಾಕಿದ್ದ ಆಫೀಸ್ ಒಳಗೆ.

ಹಾಗಾಗಿ ಪ್ರಿನ್ಸಿಪಾಲ್ ಲೆಟರಲ್ಲಿ ಹುಡುಕೋದು ನಿಮ್ಮ ಕಥೆ ಎಷ್ಟು ಚೆನ್ನಾಗಿದೆ ಅಂತ ಅಲ್ಲ. ಯಾರು ಬರ್ತಾರೆ, ಯಾವ ರೂಮ್, ಎಷ್ಟೊತ್ತಿಗೆ ಹೋಗ್ತಾರೆ, ಏನಾದ್ರೂ ಮುರಿದ್ರೆ ಯಾರನ್ನ ಕೇಳ್ಬೇಕು, ಇಷ್ಟೇ. ಕಥೆಗೆ ಎರಡು ಸಾಲು ಸಾಕು, ಆದ್ರೆ ಆ ಎರಡು ಸಾಲು ನಿಜ ಇರ್ಬೇಕು. ಮೇಷ್ಟ್ರು ಹುಡುಗನಿಗೆ ಹೊಡೆಯೋ ಸೀನ್ ಇದ್ರೆ ಅದನ್ನೂ ಹೇಳಿ, ಶೂಟ್ ದಿನ ಗೊತ್ತಾದ್ರೆ ಅಲ್ಲೇ ನಿಲ್ಲಿಸ್ತಾರೆ.

ಎಂಟು ಜನರ ಟೀಮ್, ಎರಡು ದಿನ ಅಂತ ಇಟ್ಕೊಂಡು ಬರ್ದಿದೀನಿ, ನಿಮ್ಮದಕ್ಕೆ ಬದಲಾಯಿಸ್ಕೊಳಿ:

ಇವರಿಗೆ,
ಪ್ರಾಂಶುಪಾಲರು

ವಿಷಯ: ರಜಾ ದಿನಗಳಲ್ಲಿ ಶಾಲಾ ಆವರಣದಲ್ಲಿ ಕಿರುಚಿತ್ರ ಚಿತ್ರೀಕರಣಕ್ಕೆ ಅನುಮತಿ ಕೋರಿ

ಮಾನ್ಯರೇ,
ಪರೀಕ್ಷೆಗೆ ಹೆದರುವ ಬಾಲಕನೊಬ್ಬನ ಕುರಿತ 12 ನಿಮಿಷಗಳ ಕಿರುಚಿತ್ರವನ್ನು ನಾವು ತಯಾರಿಸುತ್ತಿದ್ದೇವೆ. ಇದಕ್ಕಾಗಿ ಅಕ್ಟೋಬರ್ 10 ಮತ್ತು 11ರಂದು ಬೆಳಿಗ್ಗೆ 7ರಿಂದ ಸಂಜೆ 5ರವರೆಗೆ ಒಂದು ತರಗತಿ ಕೊಠಡಿ ಹಾಗೂ ಅದರ ಮುಂದಿನ ಕಾರಿಡಾರ್ ಮಾತ್ರ ಬಳಸಲು ಅನುಮತಿ ಕೋರುತ್ತೇವೆ. ತಂಡದಲ್ಲಿ 8 ಜನರಿದ್ದು, ಹೆಸರು ಮತ್ತು ಫೋನ್ ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ. ಬ್ಯಾಟರಿ ದೀಪಗಳನ್ನೇ ಬಳಸುತ್ತೇವೆ. ನಟಿಸುವ ಬಾಲಕನ ಜೊತೆ ಆತನ ಪೋಷಕರು ಇರುತ್ತಾರೆ. ಕೊಠಡಿಯನ್ನು ಮೊದಲಿದ್ದಂತೆ ಜೋಡಿಸಿ, ಸ್ವಚ್ಛಗೊಳಿಸಿ ಒಪ್ಪಿಸುತ್ತೇವೆ. ಹಾನಿಯಾದಲ್ಲಿ ವೆಚ್ಚ ಭರಿಸುವ ಹೊಣೆ ನನ್ನದು. ಬಾಗಿಲು ತೆರೆಯುವ ಸಿಬ್ಬಂದಿಯ ಹೆಸರು ತಿಳಿಸಿ, ಭದ್ರತಾ ಸಿಬ್ಬಂದಿಗೂ ಸೂಚನೆ ನೀಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು, ಫೋನ್ ಸಂಖ್ಯೆ)

ಇದನ್ನ ರಜೆ ಶುರುವಾದ್ಮೇಲೆ ತಗೊಂಡು ಹೋಗ್ಬೇಡಿ, ಸಹಿ ಹಾಕೋರೇ ಇರಲ್ಲ. ಎರಡು ವಾರ ಮುಂಚೆ ಕೊಡಿ, ಯಾಕಂದ್ರೆ ಎಷ್ಟೋ ಕಡೆ ಪ್ರಿನ್ಸಿಪಾಲ್ ಅದನ್ನ ಮ್ಯಾನೇಜ್‌ಮೆಂಟಿಗೋ ಇಲಾಖೆಗೋ ಕಳಿಸ್ಬೇಕಾಗುತ್ತೆ. ಎರಡು ಕಾಪಿ ಒಯ್ದು ಒಂದರ ಮೇಲೆ ಸಹಿ, ಸೀಲು ಹಾಕಿಸ್ಕೊಳಿ, ಅದರ ಜೆರಾಕ್ಸ್ ವಾಚ್‌ಮನ್ ಕೈಗೆ ಹಿಂದಿನ ದಿನವೇ ಕೊಡಿ. ಬೆಂಚ್ ಸರಿಸೋ ಮುಂಚೆ ರೂಮಿನ ನಾಲ್ಕು ಮೂಲೆಯಿಂದ ಫೋಟೋ ತೆಗೀರಿ. ಗೋಡೆಗೆ ಟೇಪ್ ಅಂಟಿಸ್ಲೇಬೇಡಿ, ಕೀಳುವಾಗ ಪೇಂಟ್ ಎದ್ದು ಬರುತ್ತೆ.

ಯಾರೂ ಕೇಳದೇ ಇರೋದು ಇನ್ನೊಂದಿದೆ. ಶೂಟ್ ಮಾಡೋ ಅನುಮತಿ ಬೇರೆ, ತೆಗೆದಿದ್ದನ್ನ ತೋರಿಸೋ ಅನುಮತಿ ಬೇರೆ. ಮೇಲಿನ ಲೆಟರಿಗೆ ಸಿಗೋ ಸಹಿ ಗೇಟ್ ಒಳಗೆ ಬಿಡೋಕೆ ಮಾತ್ರ. ನಾಳೆ ಫೆಸ್ಟಿವಲ್‌ಗೆ ಕಳಿಸುವಾಗ ಲೊಕೇಶನ್ ರಿಲೀಸ್ ಕೇಳಿದ್ರೆ, ಸ್ಕೂಲಿನ ದೃಶ್ಯಗಳನ್ನ ಪ್ರದರ್ಶನಕ್ಕೂ ಇಂಟರ್‌ನೆಟ್‌ಗೂ ಬಳಸ್ಬಹುದು ಅಂತ ಸಹಿ ಇರೋ ಕಾಗದ ಬೇಕು. ಸ್ಕೂಲ್ ಹೆಸರಿನ ಬೋರ್ಡು, ಗೋಡೆ ಮೇಲಿನ ಮಕ್ಕಳ ಗ್ರೂಪ್ ಫೋಟೋ ಫ್ರೇಮಲ್ಲಿ ಬರಬಹುದಾ ಬೇಡ್ವಾ ಅಂತ ಅದರಲ್ಲೇ ಬರೆಸ್ಕೊಳಿ. ಸ್ಕೂಲ್ ಹೆಸರು ಬೇಡ ಅಂತ ಪ್ರಿನ್ಸಿಪಾಲ್ ಹೇಳಿದ್ರೆ ಶೂಟ್ ದಿನವೇ ಬೋರ್ಡ್ ಬಿಟ್ಟು ಕ್ಯಾಮೆರಾ ಇಡಬಹುದು, ಎಡಿಟಿಂಗಲ್ಲಿ ಕೂತು ಒಂದೊಂದು ಶಾಟನ್ನೂ ಬ್ಲರ್ ಮಾಡೋ ಕೆಲಸ ತಪ್ಪುತ್ತೆ.