ಹತ್ತು ಸಲ ಒಂದು ಗ್ರಾಂ ಕೊಂಡರೆ ಅದು ಹತ್ತು ಗ್ರಾಂ ಅಲ್ಲ

"ಬೋರ್ಡಿನಲ್ಲಿ ಗ್ರಾಂಗೆ ಇಷ್ಟು ಅಂತ ಬರೆದಿದ್ದೀರಿ, ಬಿಲ್ಲಿನಲ್ಲಿ ಯಾಕೆ ಜಾಸ್ತಿ ಬಂತು?" ಅಕ್ಷಯ ತೃತೀಯದ ದಿನ ನಮ್ಮ ಚಿನ್ನದಂಗಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಕಟ್ಟುತ್ತದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಉತ್ತರ ಕೇಳಿಸಿಕೊಂಡು, ತಲೆಯಾಡಿಸಿ, ಮುಂದಿನ ತಿಂಗಳು ಮತ್ತೆ ಒಂದು ಗ್ರಾಂ ನಾಣ್ಯಕ್ಕೇ ಬಂದು ನಿಲ್ಲುತ್ತಾರಲ್ಲ, ಆಗ ಮಾತ್ರ ತಾಳ್ಮೆ ಸ್ವಲ್ಪ ಹೋಗುತ್ತದೆ.

ಮೊದಲು ಟಿವಿಯಲ್ಲಿ ಓಡುವ ಆ ಸ್ಪಾಟ್ ದರದ ವಿಷಯ. ಅದು ನಾಣ್ಯದ ಬೆಲೆ ಅಲ್ಲ, ನಿಮಗೆ ನನಗೆ ಸಿಗುವ ಬೆಲೆಯೂ ಅಲ್ಲ. ಲಂಡನ್ನಿನ ಸಗಟು ಮಾರುಕಟ್ಟೆಯಲ್ಲಿ ಬ್ಯಾಂಕುಗಳು ತಮ್ಮತಮ್ಮೊಳಗೆ ವ್ಯವಹರಿಸುವ ಬೆಲೆ ಅದು. ಅಲ್ಲಿ ಕೈಬದಲಾಗುವ ಗಟ್ಟಿ ಸುಮಾರು 400 ಔನ್ಸಿನದು, ಅಂದರೆ ಹೆಚ್ಚುಕಡಿಮೆ ಹನ್ನೆರಡೂವರೆ ಕಿಲೋ. ಅದೂ ಅಚ್ಚುಕಟ್ಟಾಗಿ 400 ಇರಬೇಕೆಂದಿಲ್ಲ. 350ರಿಂದ 430 ಔನ್ಸಿನೊಳಗೆ ಎಷ್ಟಿದ್ದರೂ ನಡೆಯುತ್ತದೆ, ಶುದ್ಧತೆ ಸಾವಿರಕ್ಕೆ 995 ಇದ್ದರೆ ಸಾಕು. ಒರಟಾಗಿ ಎರಕ ಹೊಯ್ದು, ತೂಗಿ, ನಂಬರ್ ಒತ್ತಿ ತಿಜೋರಿಯಲ್ಲಿ ಇಡುತ್ತಾರೆ. ಆ ಗಟ್ಟಿಯ ಮೇಲಾಗುವ ಕೆಲಸ ಅಷ್ಟೇ. ಡಾಲರ್ ಲೆಕ್ಕ, ಆಮದು ಸುಂಕ ಸೇರಿ ಅದು ನಮ್ಮೂರ ದರವಾಗುತ್ತದೆ; ನಮ್ಮ ಬೋರ್ಡಿನಲ್ಲಿರುವುದು ಆ ದರ. ನಾಣ್ಯದ ಮೇಲಿನ ಪ್ರೀಮಿಯಂ, ಅಂದರೆ ನಾವು ಬಿಲ್ಲಿನಲ್ಲಿ ಮೇಕಿಂಗ್ ಚಾರ್ಜ್ ಎಂದು ಬರೆಯುವುದು, ಅದರ ಮೇಲೆ ಕೂರುತ್ತದೆ.

ಆ ಗಟ್ಟಿಯಿಂದ ಒಂದು ಗ್ರಾಂ ನಾಣ್ಯ ಆಗಬೇಕಾದರೆ ಏನೇನು ನಡೆಯಬೇಕು ನೋಡಿ. ಚಿನ್ನವನ್ನು 999.9ರವರೆಗೆ ಶುದ್ಧ ಮಾಡಿ, ಕರಗಿಸಿ ಪಟ್ಟಿ ಎಳೆಯಬೇಕು. ಆ ಪಟ್ಟಿಯನ್ನು ರೋಲಿಗೆ ಕೊಟ್ಟು ತೆಳ್ಳಗಿನ ತಗಡು ಮಾಡಬೇಕು. ತಗಡಿನಿಂದ ಬಿಲ್ಲೆ ಕತ್ತರಿಸಬೇಕು. ಉಳಿದ ತೂತುತೂತು ತಗಡು ಮತ್ತೆ ಮೂಸೆಗೆ ಹೋಗುತ್ತದೆ. ಚಿನ್ನ ನಷ್ಟವಾಗುವುದಿಲ್ಲ, ಆದರೆ ಅಷ್ಟು ಚಿನ್ನಕ್ಕೆ ಹಾಕಿದ ದುಡ್ಡು, ಅದರ ಬಡ್ಡಿ ಸಮೇತ, ಇನ್ನೊಂದು ಸುತ್ತು ಸುಮ್ಮನೆ ತಿರುಗುತ್ತದೆ. ಕತ್ತರಿಸಿದ ಬಿಲ್ಲೆಯನ್ನು ಒಂದೊಂದಾಗಿ ತೂಗಬೇಕು, ಕಾಯಿಸಿ ಮೆದು ಮಾಡಬೇಕು, ತೊಳೆಯಬೇಕು, ಅಚ್ಚು ಒತ್ತಬೇಕು, ಗೀರು ಬಿದ್ದಿದೆಯೇ ಎಂದು ಕಣ್ಣಲ್ಲಿ ನೋಡಬೇಕು, ಕಾರ್ಡಿನೊಳಗೆ ಸೀಲ್ ಮಾಡಬೇಕು. ಆಮೇಲೆ ಸಾಗಣೆ, ವಿಮೆ, ನಮ್ಮ ಅಂಗಡಿಯ ಬಿಲ್ಲು, ಕೌಂಟರಿನ ಹುಡುಗನ ಹತ್ತು ನಿಮಿಷ.

ಇದರಲ್ಲಿ ಹೆಚ್ಚಿನ ಕೆಲಸಕ್ಕೆ ನಾಣ್ಯದ ತೂಕ ಗೊತ್ತೇ ಇಲ್ಲ. ಒಂದು ಗ್ರಾಮನ್ನು ತೂಗುವುದೂ ಒಂದು ಸಲ, ನೂರು ಗ್ರಾಮನ್ನು ತೂಗುವುದೂ ಒಂದು ಸಲ. ಕಾರ್ಡ್ ಒಂದು, ಸೀಲ್ ಒಂದು, ಬಿಲ್ ಒಂದು. ಆಟೋದ ಮಿನಿಮಮ್ ಚಾರ್ಜ್ ಇದ್ದಂತೆ: ಪಕ್ಕದ ಬೀದಿಗೆ ಹೋದರೂ ಅಷ್ಟು ಕೊಡಲೇಬೇಕು, ದೂರ ಹೋದಂತೆ ಕಿಲೋಮೀಟರಿಗೆ ಬೀಳುವ ಭಾರ ಇಳಿಯುತ್ತದೆ. ನೂರು ಗ್ರಾಂ ಬಿಸ್ಕತ್ತಿನ ಒಂದು ಬಗೆಯನ್ನಂತೂ ತಗಡು ಮಾಡುವ ಗೋಜೇ ಇಲ್ಲದೆ, ಚಿನ್ನದ ಹರಳುಗಳನ್ನು ನಿಖರವಾಗಿ ತೂಗಿ, ಕರಗಿಸಿ, ನೇರ ಅಚ್ಚಿಗೆ ಹೊಯ್ದು ಮಾಡುತ್ತಾರೆ. ಕಿಲೋ ಗಟ್ಟಿಯೂ ಹೀಗೇ.

ಇದರೊಳಗೆ ಗಿರಾಕಿಗಳಿಗೆ ಕಾಣದ ಇನ್ನೊಂದು ಖರ್ಚಿದೆ. ಒಂದು ಗ್ರಾಂ ಎಂದು ಅಚ್ಚು ಒತ್ತಿದ ನಾಣ್ಯ ಒಂದು ಗ್ರಾಂಗಿಂತ ಕಡಿಮೆ ತೂಗುವ ಹಾಗಿಲ್ಲ. ಹಾಗಾಗಿ ಟಂಕಶಾಲೆಯವರು ಕೂದಲೆಳೆಯಷ್ಟು ಹೆಚ್ಚಿಗೇ ಇಟ್ಟು ಕತ್ತರಿಸುತ್ತಾರೆ, ಕಡಿಮೆ ಬಿದ್ದ ಬಿಲ್ಲೆ ಮೂಸೆಗೆ ವಾಪಸ್. ಆ ಹೆಚ್ಚಿಗೆ ಐದು ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಒಂದು ಗ್ರಾಮಿನಲ್ಲಿ ಅದು ಶೇಕಡಾ ಅರ್ಧ. ಗ್ರಾಂಗೆ 10,000 ರೂಪಾಯಿಯಾದರೆ ಒಂದೊಂದು ನಾಣ್ಯದಲ್ಲೂ 50 ರೂಪಾಯಿಯ ಚಿನ್ನ ಪುಕ್ಕಟೆ ಹೋಯಿತು. ನೂರು ಗ್ರಾಮಿನಲ್ಲಿ ಅದೇ ಐದು ಮಿಲಿಗ್ರಾಂ ಲೆಕ್ಕಕ್ಕೇ ಬರುವುದಿಲ್ಲ. ತಗಡಿನ ದಪ್ಪದಲ್ಲಿ ಆಗುವ ಅತಿ ಚಿಕ್ಕ ಏರುಪೇರೂ ಚಿಕ್ಕ ಬಿಲ್ಲೆಯನ್ನು ದೊಡ್ಡದಾಗಿ ಕಾಡುತ್ತದೆ.

ಇದೆಲ್ಲ ನಮ್ಮೂರ ಅಂಗಡಿಯವರ ಕಸರತ್ತು ಎಂದು ಅನುಮಾನವಿದ್ದರೆ ಅಮೆರಿಕ ಸರ್ಕಾರದ ಟಂಕಶಾಲೆಯ ಲೆಕ್ಕ ನೋಡಿ. ಈಗಲ್ ಎಂಬ ಚಿನ್ನದ ನಾಣ್ಯವನ್ನು ಅವರು ದೊಡ್ಡ ವ್ಯಾಪಾರಿಗಳಿಗೆ ಸಗಟಿನಲ್ಲಿ ಮಾರುವಾಗ ಬಹಳ ವರ್ಷ ಪಾಲಿಸಿಕೊಂಡು ಬಂದ ಕ್ರಮ ಹೀಗಿದೆ: ಒಂದು ಔನ್ಸಿಗೆ ಚಿನ್ನದ ಬೆಲೆಯ ಮೇಲೆ ಶೇ. 3, ಅರ್ಧ ಔನ್ಸಿಗೆ ಶೇ. 5, ಕಾಲಿಗೆ ಶೇ. 7, ಹತ್ತನೇ ಒಂದು ಭಾಗಕ್ಕೆ ಶೇ. 9. ಹತ್ತನೇ ಒಂದು ಔನ್ಸ್ ಎಂದರೆ ಮೂರು ಗ್ರಾಂ ಚಿಲ್ಲರೆ. ಅಂಗಡಿಯವರ ಲಾಭ ಇನ್ನೂ ಸೇರಿಲ್ಲದ ಲೆಕ್ಕ ಇದು.

ಈಗ ನಾನು ಎಷ್ಟು ಹೇಳಿದರೂ ಸಾಲದ ವಿಷಯಕ್ಕೆ ಬರುತ್ತೇನೆ. "ಒಂದು ಗ್ರಾಂಗೆ ಮೇಕಿಂಗ್ 700, ಹತ್ತು ಗ್ರಾಂಗೆ 2,500. ಹಾಗಾದರೆ ಒಂದು ಗ್ರಾಮೇ ಸಸ್ತಾ ಅಲ್ವಾ?" ಈ ಮಾತನ್ನು ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಕೂಡ ಹೇಳುತ್ತಾರೆ. ನಾಣ್ಯಕ್ಕೆ ಎಷ್ಟು ಎಂದು ನೋಡಬೇಡಿ, ಗ್ರಾಂಗೆ ಎಷ್ಟು ಎಂದು ನೋಡಿ. ಹತ್ತು ಗ್ರಾಮಿನದರಲ್ಲಿ ಗ್ರಾಂಗೆ 250, ಒಂದು ಗ್ರಾಮಿನದರಲ್ಲಿ 700.

ಮಗಳ ಮದುವೆಗೆಂದು ತಿಂಗಳಿಗೊಂದು ಗ್ರಾಂ ಕೂಡಿಡುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರಿಗೆ ನಾನು ಚೀಟಿಯ ಹಿಂದೆ ಬರೆದುಕೊಟ್ಟ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ. ಸುಲಭಕ್ಕಾಗಿ ದರವನ್ನು 10,000ಕ್ಕೆ ಇಳಿಸಿದ್ದೇನೆ. ಮೇಕಿಂಗ್ ಚಾರ್ಜ್ ಅಂಗಡಿಯಿಂದ ಅಂಗಡಿಗೆ, ಬ್ರಾಂಡಿನಿಂದ ಬ್ರಾಂಡಿಗೆ ಬೇರೆ, ಹಬ್ಬದ ದಿನ ಇನ್ನೂ ಬೇರೆ. ಒಂದು ಗ್ರಾಮಿನ ಇಪ್ಪತ್ತು ನಾಣ್ಯ: ಒಂದಕ್ಕೆ 10,700ರಂತೆ 2,14,000. ಶೇ. 3 ಜಿಎಸ್‌ಟಿ 6,420. ಒಟ್ಟು 2,20,420. ಹತ್ತು ಗ್ರಾಮಿನ ಎರಡು ನಾಣ್ಯ: 2,05,000, ಜಿಎಸ್‌ಟಿ 6,150, ಒಟ್ಟು 2,11,150. ಎರಡರಲ್ಲೂ ಇರುವುದು ಅದೇ ಇಪ್ಪತ್ತು ಗ್ರಾಂ ಅಪರಂಜಿ. ವ್ಯತ್ಯಾಸ 9,270. ಮೇಕಿಂಗ್ ಮೇಲೂ ಜಿಎಸ್‌ಟಿ ಬೀಳುತ್ತದೆ ಎಂಬುದನ್ನು ಗಮನಿಸಿ.

"ಮಾರುವಾಗ ಆ 700 ವಾಪಸ್ ಕೊಡ್ತೀರಲ್ಲ?" ಎಂದರು ಮೇಡಂ. ಇಲ್ಲ ಮೇಡಂ. ನಮ್ಮ ಮಾರುಕಟ್ಟೆಯಲ್ಲಿ ನಾಣ್ಯ ಮರಳಿ ಬಂದಾಗ ಸಾಮಾನ್ಯವಾಗಿ ಅದು ಬರೀ ಚಿನ್ನ. ಅಚ್ಚು, ಕಾರ್ಡು, ಲಕ್ಷ್ಮಿಯ ಚಿತ್ರ, ಯಾವುದಕ್ಕೂ ಬೆಲೆ ಇಲ್ಲ. ಕಟ್ಟಿದ ಜಿಎಸ್‌ಟಿಯೂ ಹೋಯಿತು. ಬ್ಯಾಂಕಿನಲ್ಲಿ ಕೊಂಡಿದ್ದರೆ ಬ್ಯಾಂಕು ಮರಳಿ ಕೊಳ್ಳುವುದೇ ಇಲ್ಲ. ಅಂಗಡಿಯವರು ಒಂದೊಂದನ್ನೂ ಮಷೀನಿಗೆ ಇಟ್ಟು ಪರೀಕ್ಷಿಸಬೇಕು, ಆಮೇಲೆ ಕರಗಿಸಬೇಕು, ಅದಕ್ಕೆಂದು ಶೇ. 1 ಹಿಡಿದರು ಎಂದುಕೊಳ್ಳಿ. ಒಂದು ಗ್ರಾಂ ನಾಣ್ಯಕ್ಕೆ ನೀವು ಕೊಟ್ಟದ್ದು 11,021. ಆ ದುಡ್ಡು ಹಾಗೇ ಕೈಗೆ ಬರಬೇಕಾದರೆ ದರ 11,132ಕ್ಕೆ ಏರಬೇಕು, ಅಂದರೆ ಶೇ. 11ರಷ್ಟು. ಹತ್ತು ಗ್ರಾಮಿನ ನಾಣ್ಯಕ್ಕೆ ದರ ಸುಮಾರು 10,665 ಮುಟ್ಟಿದರೆ ಸಾಕು. ಮೇಡಂ ಚೀಟಿಯನ್ನು ಎರಡು ಸಲ ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡು, "ಆದರೂ ಇವತ್ತಿಗೆ ಒಂದು ಕೊಡಿ, ಬರಿಗೈಲಿ ಹೋಗಬಾರದು" ಎಂದರು. ಕೊಟ್ಟೆ. ಏನು ಮಾಡಲಿ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹತ್ತು ಗ್ರಾಂಗೆ ದುಡ್ಡು ಸೇರಲಿ ಎಂದು ಹತ್ತು ತಿಂಗಳು ಕಾದು ಕುಳಿತಾಗ ದರವೇ ಜಿಗಿದರೆ, ಮೇಕಿಂಗಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹೋಗಬಹುದು. ಇಳಿದರೆ ಲಾಭ. ಅದನ್ನು ಮುಂಚೆ ಹೇಳುವವರು ನನಗೆ ಇನ್ನೂ ಸಿಕ್ಕಿಲ್ಲ, ನಾನು ಹೂಡಿಕೆ ಸಲಹೆಗಾರನೂ ಅಲ್ಲ. ತಿಂಗಳಿಗೊಂದು ಗ್ರಾಂ ಬದಲು ಎರಡು ತಿಂಗಳಿಗೊಮ್ಮೆ ಎರಡು ಗ್ರಾಂ ಕೊಂಡರೂ ಭಾರ ಎಷ್ಟೋ ಇಳಿಯುತ್ತದೆ, ಏಕೆಂದರೆ ಈ ಲೆಕ್ಕದಲ್ಲಿ ದೊಡ್ಡ ಇಳಿತ ಇರುವುದೇ ಮೊದಲ ಕೆಲವು ಗ್ರಾಮಿನಲ್ಲಿ. ಒಂದರಿಂದ ಹತ್ತಕ್ಕೆ ಹೋದಾಗ ಆಗುವ ಉಳಿತಾಯ ಐವತ್ತರಿಂದ ನೂರಕ್ಕೆ ಹೋದಾಗ ಆಗುವುದಿಲ್ಲ.

ಇದು ಗೊತ್ತಿಲ್ಲದೆ ಅತ್ತ ಕಡೆಯೂ ಎಡವುತ್ತಾರೆ. ಪರಿಚಯದ ಹೋಟೆಲ್ ಮಾಲೀಕರೊಬ್ಬರು, ದೊಡ್ಡದೇ ಸಸ್ತಾ ಎಂದು ಕೇಳಿ ನೂರು ಗ್ರಾಂ ಬಿಸ್ಕತ್ತನ್ನೇ ಕೊಂಡರು. ಮಗನ ಫೀಸಿಗೆ ಇಪ್ಪತ್ತೈದು ಗ್ರಾಮಿನಷ್ಟು ದುಡ್ಡು ಬೇಕಾದಾಗ ಬಂದು, "ಒಂದು ತುಂಡು ಕತ್ತರಿಸಿಕೊಳ್ಳಿ" ಎಂದರು. ಕತ್ತರಿಸಬಹುದು. ಆದರೆ ಉಳಿದ ಎಪ್ಪತ್ತೈದು ಗ್ರಾಮಿಗೆ ಆಮೇಲೆ ನಂಬರಿಲ್ಲ, ಕಾರ್ಡಿಲ್ಲ. ಮುಂದೆ ಯಾವ ಅಂಗಡಿಗೆ ಹೋದರೂ ಮೊದಲಿನಿಂದ ಪರೀಕ್ಷೆ, ಬಹುಶಃ ಕರಗಿಸುವುದು. ನಾಲ್ಕು ಬಿಡಿ ನಾಣ್ಯಗಳಾಗಿದ್ದರೆ ಒಂದನ್ನು ಕೊಟ್ಟು ಎದ್ದು ಹೋಗುತ್ತಿದ್ದರು. ಚಿಕ್ಕ ನಾಣ್ಯದ ಹೆಚ್ಚಿನ ಬೆಲೆಯಲ್ಲಿ ಈ ಅನುಕೂಲದ ಬಾಬ್ತೂ ಸೇರಿದೆ ಎಂದು ಒಪ್ಪಬೇಕು.

ಅಳತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದೊಡ್ಡ ಬ್ಯಾಂಕುಗಳೂ ಅನುಭವಿಸಿವೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ಸ್ವಿಟ್ಜರ್ಲೆಂಡಿನ ಟಿಚಿನೋ ಪ್ರಾಂತದ ದೊಡ್ಡ ಚಿನ್ನದ ರಿಫೈನರಿಗಳು ಮುಚ್ಚಿದವು, ವಿಮಾನಗಳು ನಿಂತವು. ನ್ಯೂಯಾರ್ಕಿನ ಕಾಮೆಕ್ಸ್ ಎಂಬ ವಿನಿಮಯ ಕೇಂದ್ರದಲ್ಲಿ, ಮುಂದಿನ ತಾರೀಖಿಗೆ ಚಿನ್ನ ಕೊಡುತ್ತೇವೆಂದು ಈಗಲೇ ಬೆಲೆ ಕುದುರಿಸುವ ವಾಯಿದೆ ವ್ಯಾಪಾರಕ್ಕೆ ಒಪ್ಪಿಸಬೇಕಾದದ್ದು 100 ಔನ್ಸಿನ ಅಥವಾ ಕಿಲೋ ಗಟ್ಟಿ. ಲಂಡನ್ನಿನಲ್ಲಿ ಚಿನ್ನ ರಾಶಿ ಇತ್ತು, ಆದರೆ 400 ಔನ್ಸಿನ ರೂಪದಲ್ಲಿ. ಕರಗಿಸಿ ಚಿಕ್ಕದು ಮಾಡುವವರೇ ಇಲ್ಲ. ಎಂದಿನಂತೆ ಕೆಲವೇ ಡಾಲರ್ ಇರುವ ಎರಡು ಊರಿನ ಬೆಲೆಯ ಅಂತರ ಒಂದು ಹಂತದಲ್ಲಿ ಔನ್ಸಿಗೆ 70 ಡಾಲರಿನ ಆಸುಪಾಸಿಗೆ ಹೋಯಿತು.

ಹಾಗಾದರೆ ಒಂದು ಗ್ರಾಂ ಯಾರಿಗೆ? ನಾಮಕರಣಕ್ಕೆ ಕೊಡುವವರಿಗೆ, ದೇವರಿಗೆ ಹರಕೆ ಹೊತ್ತವರಿಗೆ. ಅವರು ಮರಳಿ ಮಾರುವ ಮಾತೇ ಇಲ್ಲ, ಕಾರ್ಡಿನ ಅಂದವೂ ಅವರಿಗೆ ಬೇಕು. ಕೂಡಿಡಲು ಬಂದವರು ಮಾತ್ರ ದುಡ್ಡು ಎಣಿಸುವ ಮೊದಲು ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ: "ಇದನ್ನೇ ಈಗಲೇ ನಿಮಗೆ ವಾಪಸ್ ಮಾರಿದರೆ ಎಷ್ಟು ಕೊಡುತ್ತೀರಿ?" ಬಂದ ಉತ್ತರವನ್ನು ಬಿಲ್ಲಿನ ಮೊತ್ತದಿಂದ ಕಳೆಯಿರಿ, ಗ್ರಾಮಿನಿಂದ ಭಾಗಿಸಿ. ಐದು, ಹತ್ತು, ಇಪ್ಪತ್ತು ಗ್ರಾಮಿಗೂ ಹೀಗೇ ಕೇಳಿ ಬರೆದುಕೊಳ್ಳಿ. ಅಂಗಡಿಯವನು ಸಿಡಿಮಿಡಿಗೊಂಡರೆ ಪಕ್ಕದ ಅಂಗಡಿಗೆ ಹೋಗಿ, ಆದರೆ ದಯವಿಟ್ಟು ಅಕ್ಷಯ ತೃತೀಯದ ಬೆಳಗ್ಗೆ ಹನ್ನೊಂದು ಗಂಟೆಗೆ ಬಂದು ಕೇಳಬೇಡಿ.